ಎಂಟು ಪರ್ಸೆಂಟೋ, ಹನ್ನೆರಡೋ: ಒಂದು ಬೆಲ್ಲದ ಪುಡಿ ಘಟಕದ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಂಡ್ಯ ಬಳಿಯ ಆಕೆ ಬೆಲ್ಲದ ಪುಡಿ ಮಾಡಿ ಒಂದು ಕೆಜಿ ಪ್ಯಾಕೆಟ್‌ನಲ್ಲಿ ಮಾರುತ್ತಾರೆ. ಮಳೆಗಾಲದಲ್ಲಿ ನನ್ನ ಬಳಿ ಸಲಹೆಗೆ ಬಂದಾಗ ಅಂಗಡಿಯಿಂದ ವಾಪಸಾದ ಪ್ಯಾಕೆಟ್ ಒಂದನ್ನು ಮೇಜಿನ ಮೇಲಿಟ್ಟರು. ಪುಡಿ ತೇವ ಹೀರಿ ಗಂಟುಕಟ್ಟಿತ್ತು.

"ಮಾಲು ಓಡ್ತಿಲ್ಲ ಮೇಡಂ. ಡಿಸ್ಟ್ರಿಬ್ಯೂಟರ್ ಎಂಟು ಸಾಲ್ದು, ಹನ್ನೆರಡು ಪರ್ಸೆಂಟ್ ಕೊಡಿ ಅಂತಾವ್ರೆ. ಕೊಟ್ಬಿಡ್ಲಾ?"

ಲೆಕ್ಕವನ್ನು ಅವರು ಅಸಲಿನಿಂದ ಮೇಲಕ್ಕೆ ಹಾಕಿದ್ದರು. ಗಿರಾಕಿ ಕೊಡುವ ಬೆಲೆಯಿಂದ ಕೆಳಕ್ಕೆ ಇಳಿಯೋಣ ಎಂದೆ. ಎಂಆರ್‌ಪಿ 105 ರೂಪಾಯಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕಿರುವ ಶೇ 5 ಜಿಎಸ್‌ಟಿ ಅದರೊಳಗೇ ಸೇರಿದೆ. ಅದನ್ನು ತೆಗೆದರೆ ಉಳಿಯುವುದು 100. ಅಂಗಡಿಯವರಿಗೆ ಮಾರುವ ಬೆಲೆಯ ಮೇಲೆ ಶೇ 20 ಬಿಟ್ಟರೆ ಅವರ ಖರೀದಿ ದರ 80. (ಅದೇ 20 ರೂಪಾಯಿ ಖರೀದಿಯ ಮೇಲೆ ಲೆಕ್ಕ ಹಾಕಿದರೆ ಶೇ 25 ಆಗುತ್ತದೆ. ಯಾವುದರ ಮೇಲೆ ಎಂದು ಮೊದಲೇ ಮಾತಾಡಿಕೊಳ್ಳದೆ ಜಗಳವಾದದ್ದನ್ನು ಎಷ್ಟೋ ಸಲ ನೋಡಿದ್ದೇನೆ.) ಆ 80ರಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಶೇ 8 ಹೋದರೆ ಈಕೆಯ ಕೈಗೆ 73.60. ಸಾಗಣೆಯೂ ಸೇರಿ ಅಸಲು 69. ಮಿಗುವುದು 4.60. ಶೇ 12 ಕೊಟ್ಟರೆ 1.40.

ಬಿಲ್ ಪುಸ್ತಕ ತಿರುವಿದಾಗ ಇನ್ನೊಂದು ಕಂಡಿತು: "ಹತ್ತಕ್ಕೆ ಒಂದು ಫ್ರೀ." ಹತ್ತರ ದುಡ್ಡು 736ನ್ನು ಹನ್ನೊಂದಕ್ಕೆ ಹಂಚಿದರೆ ಪ್ಯಾಕೆಟ್‌ಗೆ 66.90 ಚಿಲ್ಲರೆ. ಅಸಲೇ ಗಿಟ್ಟುತ್ತಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಾದರು.

ಆದರೆ ಮಾಲು ಓಡದಿರಲು ಕಾರಣ ಬೇರೆ. ಹೆದ್ದಾರಿ ಪಕ್ಕದ ತಮ್ಮದೇ ಮಳಿಗೆಯಲ್ಲಿ ಆಕೆ ಇದೇ ಪ್ಯಾಕೆಟ್ಟನ್ನು 85ಕ್ಕೆ ಕೊಡುತ್ತಿದ್ದರು. ಅಂಗಡಿಯವರಿಗೆ ತೆರಿಗೆ ಸೇರಿ ಬೀಳುವುದೇ 84. ಕಾಗದದ ಮೇಲೆ ಎಷ್ಟೇ ಅಂತರವಿದ್ದರೂ, ಮಳಿಗೆಯ ಬೆಲೆ ಗೊತ್ತಿರುವ ಊರಿನಲ್ಲಿ ಅಂಗಡಿಯವರ ಪಾಲಿಗೆ ಅದು ಒಂದೇ ರೂಪಾಯಿ. ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ಪರ್ಸೆಂಟ್ ಹೆಚ್ಚು ಕೊಟ್ಟರೂ ಇದು ಸರಿಹೋಗುವುದಿಲ್ಲ.

ನಾನು ಹೇಳಿದ್ದು ಇಷ್ಟು: ಎಂಟೇ ಇರಲಿ. ಫ್ರೀ ಸ್ಕೀಮ್ ನಿಲ್ಲಿಸಿ, ಗಂಟುಕಟ್ಟಿದ ಪ್ಯಾಕೆಟ್ ಬದಲಿಸಿಕೊಡಿ. ಮಳಿಗೆಯಲ್ಲಿ 100ಕ್ಕೆ ಮಾರಿ.

"ನೂರಂದ್ರೆ ಯಾರು ತಗೊಳ್ತಾರೆ ಮೇಡಂ?"

ತೆರಿಗೆ, ಅಸಲು ಕಳೆದರೆ 85ರಲ್ಲಿ ಸುಮಾರು 12 ಉಳಿಯುತ್ತಿತ್ತು, 100ರಲ್ಲಿ 26 ಉಳಿಯುತ್ತದೆ. ತಿಂಗಳಿಗೆ 300 ಹೋಗುತ್ತಿದ್ದದ್ದು 150ಕ್ಕೆ ಇಳಿದರೂ ಲಾಭ ಕಡಿಮೆಯಾಗದು ಎಂದು ಬರೆದು ತೋರಿಸಿದೆ. ಆಲೆಮನೆಯ ಬೆಲ್ಲ ಕೆಜಿಗೆ ನಾಲ್ಕೈದು ರೂಪಾಯಿ ಏರಿದರೆ ಈ ಲೆಕ್ಕ ನಿಲ್ಲದು, ಹೊಸ ಎಂಆರ್‌ಪಿ ಮುದ್ರಿಸುವ ಮೊದಲು ಮತ್ತೆ ಬನ್ನಿ ಎಂದೂ ಹೇಳಿದೆ.

ಮೂರು ತಿಂಗಳ ಮೇಲೆ ಬಂದರು. ಮಳಿಗೆಯಲ್ಲಿ ತಿಂಗಳಿಗೆ 210 ಹೋಗುತ್ತಿದೆ, ಬಿಟ್ಟಿದ್ದ ಅಂಗಡಿಗಳಲ್ಲಿ ಕೆಲವು ಮತ್ತೆ ಆರ್ಡರ್ ಕೊಟ್ಟಿವೆ. ಡಿಸ್ಟ್ರಿಬ್ಯೂಟರ್ ಈಗ ಹನ್ನೆರಡರ ಮಾತು ಬಿಟ್ಟು ಹದಿನೈದು ದಿನದ ಉದ್ರಿ ಕೇಳುತ್ತಿದ್ದಾರೆ. ಅದರ ಲೆಕ್ಕಕ್ಕೆ ಕೂತಿದ್ದೇವೆ.