ನಾಲೆಯ ತಳ ಎತ್ತರಿಸಿದರೆ ನೀರು ಏರುತ್ತದೆಯೋ, ಇಳಿಯುತ್ತದೆಯೋ?

ಪ್ರಶ್ನೆ: 3 ಮೀಟರ್ ಅಗಲದ ಆಯತಾಕಾರದ ಕಾಂಕ್ರೀಟ್ ನಾಲೆಗೆ ಅಡ್ಡಲಾಗಿ ಕುಡಿಯುವ ನೀರಿನ ಪೈಪ್ ದಾಟಿಸಬೇಕು. ಅಡಿಯಲ್ಲಿ ಬಂಡೆ ಇದೆ, ಪೂರ್ತಿ ಹೂಳಲು ಆಗುತ್ತಿಲ್ಲ. ಪೈಪಿಗೆ ಕಾಂಕ್ರೀಟ್ ಹೊದಿಸಿದರೆ ತಳದಿಂದ 20 ಸೆಂ.ಮೀ. ಎತ್ತರದ ದಿಬ್ಬ ಆಗುತ್ತದೆ. ಅಲ್ಲಿ ನೀರೂ 20 ಸೆಂ.ಮೀ. ಏರುತ್ತೆ ಅಂತಾರೆ ಗುತ್ತಿಗೆದಾರರು. ಇಲ್ಲ, ಇಳಿಯುತ್ತೆ ಅಂತಾರೆ ನಮ್ಮ ಸಾಹೇಬರು. ಯಾರು ಸರಿ? ಬಂಡೆ ಒಡೆಯದೆ 50 ಸೆಂ.ಮೀ. ದಿಬ್ಬ ಮಾಡಿದರೆ ಏನಾಗುತ್ತದೆ? ಪೂರ್ತಿ ಹರಿವು 4.5 ಕ್ಯುಮೆಕ್, ಆಗ ಆಳ 1.2 ಮೀ., ನೀರಿನ ಮೇಲೆ ಉಳಿಯುವ ಗೋಡೆ ಅಂದರೆ ಫ್ರೀಬೋರ್ಡ್ 30 ಸೆಂ.ಮೀ.
— ಕಿರಿಯ ಎಂಜಿನಿಯರ್

ಉತ್ತರ: 20 ಸೆಂ.ಮೀ. ದಿಬ್ಬಕ್ಕೆ ನಿಮ್ಮ ಸಾಹೇಬರು ಸರಿ. ನೀರಿನ ಮೇಲ್ಮೈ ಸುಮಾರು 5 ಸೆಂ.ಮೀ. ಇಳಿಯುತ್ತದೆ. 50 ಸೆಂ.ಮೀ. ಮಾಡಿದರೆ ಕತೆಯೇ ಬೇರೆ. ದಿಬ್ಬದ ಮೇಲೆ ನೀರು ಇಳಿಯುವುದೇನೋ ನಿಜ, ಆದರೆ ದಿಬ್ಬಕ್ಕೆ ಮುಂಚೆ ನಾಲೆಯಲ್ಲಿ 15 ಸೆಂ.ಮೀ.ಗಿಂತ ಜಾಸ್ತಿ ಏರುತ್ತದೆ. ನಿಮ್ಮ ಫ್ರೀಬೋರ್ಡಿನ ಅರ್ಧ ಅಲ್ಲೇ ಮುಗಿಯಿತು.

ಯಾಕೆ ಹೀಗೆ ಅಂತ ನೋಡೋಣ. ಹರಿಯುವ ನೀರಿನ ಶಕ್ತಿಯನ್ನು ನಾಲೆಯ ತಳದಿಂದಲೇ ಅಳೆದರೆ ಅದಕ್ಕೆ ಸ್ಪೆಸಿಫಿಕ್ ಎನರ್ಜಿ ಎನ್ನುತ್ತೇವೆ. ಈ ವಿಚಾರವನ್ನು 1912ರಲ್ಲಿ ಮುಂದಿಟ್ಟವರು ರಷ್ಯಾದ ಎಂಜಿನಿಯರ್ ಬೋರಿಸ್ ಬಖ್ಮೆಟೆಫ್. ಐದು ವರ್ಷದ ನಂತರ ಅದೇ ಮನುಷ್ಯ ಅಮೆರಿಕದಲ್ಲಿ ರಷ್ಯಾದ ರಾಯಭಾರಿಯಾಗಿದ್ದರು! ಇರಲಿ. ಆಯತಾಕಾರದ ನಾಲೆಗೆ ಸೂತ್ರ ಇಷ್ಟೇ:

E = y + q²/(2 g y²)

ಇಲ್ಲಿ y ಅಂದರೆ ಆಳ, q ಅಂದರೆ ಒಂದು ಮೀಟರ್ ಅಗಲಕ್ಕೆ ಬರುವ ಹರಿವು, g ಅಂದರೆ ಗುರುತ್ವ ವೇಗೋತ್ಕರ್ಷ 9.81. ನಿಮ್ಮ ನಾಲೆಯಲ್ಲಿ q = 4.5/3 = 1.5. ಆಳ 1.2 ಮೀ. ಇದ್ದಾಗ ವೇಗ ಸೆಕೆಂಡಿಗೆ 1.25 ಮೀ., ಅದರ ವೇಗಶಕ್ತಿ ಸುಮಾರು 0.08 ಮೀ. ಒಟ್ಟು E = 1.28 ಮೀ.

ಈಗ ಒಂದು ಹಾಳೆ ತೆಗೆದುಕೊಂಡು ಅಡ್ಡಕ್ಕೆ E, ಉದ್ದಕ್ಕೆ y ಇಟ್ಟು q = 1.5ಕ್ಕೆ ಗೆರೆ ಎಳೆಯಿರಿ. ಆಳ ತುಂಬಾ ಜಾಸ್ತಿ ಇದ್ದರೆ E ಜಾಸ್ತಿ. ಆಳ ತುಂಬಾ ಕಡಿಮೆ ಇದ್ದರೂ ವೇಗ ವಿಪರೀತವಾಗಿ E ಜಾಸ್ತಿಯೇ. ನಡುವೆ ಒಂದು ಕಡೆ ಗೆರೆ ಎಡಕ್ಕೆ ಬಂದು ಮೂಗಿನಂತೆ ತಿರುಗುತ್ತದೆ. ಆ ಮೂಗಿನ ತುದಿಯೇ ಕ್ರಿಟಿಕಲ್ ಆಳ. ಇಷ್ಟು ನೀರು ಈ ನಾಲೆಯಲ್ಲಿ ಹಾದುಹೋಗಲು ಬೇಕಾದ ಕನಿಷ್ಠ ಶಕ್ತಿ ಅದು. ನಿಮ್ಮ ಲೆಕ್ಕಕ್ಕೆ

yc = (q²/g)^(1/3) = 0.612 ಮೀ.
Ec = 1.5 × yc = 0.918 ಮೀ.

ಮೂಗಿನ ಮೇಲಿನ ಭಾಗ ಸಬ್‌ಕ್ರಿಟಿಕಲ್, ಕೆಳಗಿನ ಭಾಗ ಸೂಪರ್‌ಕ್ರಿಟಿಕಲ್. ನೀರಿನ ವೇಗವನ್ನು ಸಣ್ಣ ಅಲೆಯ ವೇಗಕ್ಕೆ ಹೋಲಿಸುವ ಫ್ರೌಡ್ ಸಂಖ್ಯೆ ನಿಮ್ಮಲ್ಲಿ 0.36, ಒಂದಕ್ಕಿಂತ ಕಡಿಮೆ, ಅಂದರೆ ನೀವು ಮೇಲಿನ ಭಾಗದಲ್ಲಿದ್ದೀರಿ. ಒಂದು ಕಲ್ಲು ಎಸೆದು ನೋಡಿ, ಸಣ್ಣ ಅಲೆ ಹರಿವಿಗೆ ಎದುರಾಗಿಯೂ ಹೋಗುತ್ತದೆ. ಸೂಪರ್‌ಕ್ರಿಟಿಕಲ್ ನೀರಲ್ಲಿ ಹಾಗೆ ಹೋಗಲ್ಲ.

ದಿಬ್ಬ ಬಂದಾಗ ಆಗುವುದು ಇಷ್ಟು. ಘರ್ಷಣೆ ಬಿಟ್ಟರೆ ನೀರಿನ ಒಟ್ಟು ಶಕ್ತಿ ಬದಲಾಗುವುದಿಲ್ಲ. ಆದರೆ ತಳವೇ 20 ಸೆಂ.ಮೀ. ಮೇಲೆ ಬಂತಲ್ಲ, ಆ ತಳದಿಂದ ಅಳೆದ ಶಕ್ತಿ ಅಷ್ಟು ಕಡಿಮೆಯಾಯಿತು. ದಿಬ್ಬದ ಮೇಲೆ E = 1.28 − 0.20 = 1.08. ಸೂತ್ರದಲ್ಲಿ ಹಾಕಿ ಒಂದೆರಡು ಸಲ ಊಹಿಸಿ ಸರಿಮಾಡಿದರೆ ಆಳ 0.953 ಮೀ. ಬರುತ್ತದೆ. ಅದಕ್ಕೆ ದಿಬ್ಬದ 0.20 ಸೇರಿಸಿ: ಮೇಲ್ಮೈ 1.153. ಮೊದಲು 1.20 ಇತ್ತು, ಅಲ್ವಾ? 4.7 ಸೆಂ.ಮೀ. ಇಳಿಯಿತು.

ಗುತ್ತಿಗೆದಾರರ ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ನೀರಿನ ಆಳ ಮೊದಲಿನಷ್ಟೇ ಇದ್ದು ಸುಮ್ನೆ ದಿಬ್ಬ ಹತ್ತಿ ಇಳಿಯುತ್ತದೆ ಅಂತ ಅವರು ಅಂದುಕೊಂಡಿದ್ದಾರೆ. ಹಾಗೆ ಹತ್ತಲು ಹೆಚ್ಚುವರಿ ಶಕ್ತಿ ಬೇಕು. ಅದು ಎಲ್ಲಿಂದ ಬರಬೇಕು? ಆಳ ದಿಬ್ಬದಷ್ಟೇ, ಅಂದರೆ ಬರೀ 20 ಸೆಂ.ಮೀ. ಕಡಿಮೆಯಾಗಿ ಮೇಲ್ಮೈ ಇದ್ದಲ್ಲೇ ಇದ್ದರೂ ಸಾಲುವುದಿಲ್ಲ. ಆಳ ಕಡಿಮೆಯಾದ ಕೂಡಲೇ ವೇಗ ಏರುತ್ತದೆ, ವೇಗಶಕ್ತಿಯೂ ಏರುತ್ತದೆ. ಆ ಖರ್ಚನ್ನೂ ಆಳವೇ ಭರಿಸಬೇಕು. ಅದಕ್ಕೇ ಆಳ 24.7 ಸೆಂ.ಮೀ. ಕುಗ್ಗಿತು, ಮೇಲ್ಮೈ ತಗ್ಗಿತು. ದಿಬ್ಬ ದಾಟಿದ ಮೇಲೆ ನೀರು ಮತ್ತೆ 1.2 ಮೀ.ಗೆ ಬರುತ್ತದೆ, ದಿಬ್ಬದ ಬೆನ್ನು ಸಮಾಧಾನವಾಗಿ ಇಳಿದಿದ್ದರೆ.

ಸೂಪರ್‌ಕ್ರಿಟಿಕಲ್ ಹರಿವಿನಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ಇದೇ 1.28 ಶಕ್ತಿ ಇಟ್ಟುಕೊಂಡು ನೀರು 0.351 ಮೀ. ಆಳದಲ್ಲಿ ಜೋರಾಗಿ ಬರುತ್ತಿದ್ದರೆ, 20 ಸೆಂ.ಮೀ. ದಿಬ್ಬದ ಮೇಲೆ ಆಳ 0.416ಕ್ಕೆ ಏರಿ ಮೇಲ್ಮೈ 26 ಸೆಂ.ಮೀ.ಗೂ ಜಾಸ್ತಿ ಮೇಲೇಳುತ್ತದೆ. ಕಡಿದಾದ ಇಳಿಜಾರಿನ ಚೂಟ್‌ಗಳಲ್ಲಿ ಇದನ್ನು ನೋಡಬಹುದು. ನಿಮ್ಮ ನಾಲೆಗೆ ಅದು ಬೇಕಿಲ್ಲ.

ಈಗ 50 ಸೆಂ.ಮೀ. ದಿಬ್ಬ. ನಿಮ್ಮ ಹತ್ತಿರ ಇರುವ ಶಕ್ತಿ 1.28, ಕನಿಷ್ಠ ಬೇಕಾದದ್ದು 0.918. ಹಾಗಾಗಿ ದಿಬ್ಬಕ್ಕೆ ಕೊಡಲು ಉಳಿದದ್ದು 0.362, ಅಂದರೆ 36 ಸೆಂ.ಮೀ. ಅಷ್ಟೇ ಎತ್ತರದ ದಿಬ್ಬವಾದರೆ ಅದರ ಮೇಲೆ ನೀರು ಸರಿಯಾಗಿ ಕ್ರಿಟಿಕಲ್ ಆಳದಲ್ಲಿ ಹರಿಯುತ್ತದೆ, ದಿಬ್ಬಕ್ಕೆ ಮುಂಚಿನ ನೀರಿಗೆ ಇನ್ನೂ ಏನೂ ಗೊತ್ತಾಗಿರುವುದಿಲ್ಲ. 50 ಅಂದರೆ ಕೈಯಲ್ಲಿರುವುದಕ್ಕಿಂತ ಖರ್ಚು ಜಾಸ್ತಿ.

ನೀರೇನೂ ನಿಂತುಬಿಡುವುದಿಲ್ಲ. ಮೊದಲು ಸ್ವಲ್ಪ ಹೊತ್ತು ಬಂದ ನೀರಿನಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ, ಉಳಿದದ್ದು ದಿಬ್ಬದ ಮುಂಚೆ ಸೇರಿಕೊಳ್ಳುತ್ತದೆ. ಮಟ್ಟ ಏರುತ್ತಾ ಏರುತ್ತಾ E = 0.918 + 0.50 = 1.418 ಆಗುವವರೆಗೂ ಹೀಗೆ. ಆಮೇಲೆ ಪೂರ್ತಿ 4.5 ಕ್ಯುಮೆಕ್ ದಾಟುತ್ತದೆ. ಆ ಶಕ್ತಿಗೆ ಬೇಕಾದ ಆಳ 1.356 ಮೀ. ದಿಬ್ಬದ ಮೇಲಿನ ಆಳ ಆಗಲೂ 0.612, ಮೇಲ್ಮೈ 1.112. ದಿಬ್ಬದ ಎತ್ತರ ಇನ್ನೂ ಏರಿಸಿ, ಮೇಲಿನ ಆಳ 0.612 ಆಗಿಯೇ ಇರುತ್ತದೆ, ಮುಂಚಿನ ನೀರು ಮಾತ್ರ ಏರುತ್ತಾ ಹೋಗುತ್ತದೆ. ಇದಕ್ಕೆ ಚೋಕ್ ಆಗುವುದು ಅಂತೀವಿ. ನಾಲೆಗಳಲ್ಲಿ ಹರಿವು ಅಳೆಯುವ ಸ್ಟ್ಯಾಂಡಿಂಗ್ ವೇವ್ ಫ್ಲೂಮ್ ಬೇಕಂತಲೇ ಇದನ್ನು ಮಾಡುತ್ತದೆ: ಚೋಕ್ ಮಾಡಿ, ಮುಂಚಿನ ಮಟ್ಟ ಒಂದನ್ನೇ ಓದಿ ಹರಿವು ತಿಳಿಯುತ್ತದೆ. ಬೇಡದಿದ್ದರೂ ನೀವು ಒಂದು ಅಳತೆ ಕಟ್ಟೆ ಕಟ್ಟಿದಂತಾಗುತ್ತದೆ.

ಇದರ ತೊಂದರೆ ಫ್ರೀಬೋರ್ಡ್ ಒಂದೇ ಅಲ್ಲ. ಈ ಏರಿಕೆ ದಿಬ್ಬದ ಪಕ್ಕದಲ್ಲೇ ಮುಗಿಯುವುದಿಲ್ಲ. ಮ್ಯಾನಿಂಗ್ ಸೂತ್ರದಲ್ಲಿ ಕಾಂಕ್ರೀಟಿನ ಒರಟುತನ 0.015 ಅಂತ ಹಿಡಿದರೆ ನೀವು ಕೊಟ್ಟ ಅಳತೆಗಳಿಂದ ನಾಲೆಯ ಇಳಿಜಾರು ಸುಮಾರು 1650ಕ್ಕೆ 1 ಬರುತ್ತದೆ. ಅಷ್ಟು ಚಪ್ಪಟೆ ನಾಲೆಯಲ್ಲಿ ಹಿನ್ನೀರು ನೂರಾರು ಮೀಟರ್ ಹಿಂದಕ್ಕೆ ಹರಡುತ್ತದೆ. ಆ ಉದ್ದಕ್ಕೂ ಇರುವ ತೂಬುಗಳ ಮೇಲೆ ನೀರಿನ ಒತ್ತಡ ಜಾಸ್ತಿಯಾಗಿ ಅವು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತವೆ. ನಾಲೆಯ ಕೊನೆಯಲ್ಲಿರುವ ರೈತರಿಗೆ ಅಷ್ಟು ಕಡಿಮೆ. ದೂರು ಬಂದಾಗ ಪೈಪಿನ ದಿಬ್ಬದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ದಿಬ್ಬ ದಾಟಿದ ಕಡೆಯೂ ನೋಡಿ. ಕ್ರಿಟಿಕಲ್ ಆಳದಿಂದ ಬೆನ್ನಿನ ಮೇಲೆ ಇಳಿಯುವ ನೀರು ಸೂಪರ್‌ಕ್ರಿಟಿಕಲ್ ಆಗುತ್ತದೆ. ಅಡ್ಡಿಯಿಲ್ಲದೆ ತಳಕ್ಕೆ ಬಂದರೆ ಆಳ ಬರೀ 0.324 ಮೀ., ವೇಗ ಸೆಕೆಂಡಿಗೆ 4.6 ಮೀ. ಅದು ಹೈಡ್ರಾಲಿಕ್ ಜಂಪ್ ಆಗಿ, ಅಂದರೆ ನೊರೆಯೆದ್ದು ಒಮ್ಮೆಲೇ ಆಳವಾಗಿ, ಮೇಲೇಳಲು ಬೇಕಾದ ಆಳ ಸುಮಾರು 1.04. ನಾಲೆಯಲ್ಲಿ ಮುಂದೆ 1.2 ಇದೆ, ಅದಕ್ಕಿಂತ ಜಾಸ್ತಿ. ಹಾಗಾಗಿ ಜಂಪ್ ಹಿಂದಕ್ಕೆ ತಳ್ಳಲ್ಪಟ್ಟು ದಿಬ್ಬದ ಬೆನ್ನಿನ ಮೇಲೆಯೇ ಕೂರುತ್ತದೆ. ಬಿಳಿ ನೊರೆ ಅಲ್ಲಿ ಹೊರಳುತ್ತಿದ್ದರೆ ದಿಬ್ಬ ಚೋಕ್ ಆಗಿದೆ ಅಂತಲೇ ಅರ್ಥ. ಇಲ್ಲಿ ಒಂದು ಚಂದದ ಲೆಕ್ಕ ಇದೆ: ಮುಂಚೆ E 1.418, ಆಮೇಲೆ 1.28. ವ್ಯತ್ಯಾಸ 0.138. ಮುಂಚೆ ನೀರು ಕಷ್ಟಪಟ್ಟು ಗಳಿಸಿದ ಹೆಚ್ಚುವರಿ ಶಕ್ತಿಯೆಲ್ಲ ಜಂಪಿನಲ್ಲಿ ಹಾಳಾಗುತ್ತದೆ. ಅದು ಹಾಳಾಗುವ ಜಾಗದಲ್ಲೇ ಕಾಂಕ್ರೀಟಿನ ಸಂಧುಗಳು ಬಿಡುವುದು.

ಹಾಗಾದರೆ 20 ಸೆಂ.ಮೀ. ಸಾಕು, ಆರಾಮ ಅಂದುಕೊಳ್ಳಬೇಡಿ. ಮೇಲಿನ ಲೆಕ್ಕವೆಲ್ಲ ಪೂರ್ತಿ ಹರಿವಿನದ್ದು. ನಾಲೆಯಲ್ಲಿ 0.9 ಕ್ಯುಮೆಕ್ ಮಾತ್ರ ಬಿಟ್ಟ ದಿನ ನೋಡಿ. ಅದೇ ಇಳಿಜಾರಿಗೆ ಆಳ ಸುಮಾರು 0.4 ಮೀ. ಇರುತ್ತದೆ, q = 0.3. E ಸುಮಾರು 0.43, Ec 0.314. ದಿಬ್ಬಕ್ಕೆ ಉಳಿದದ್ದು 11 ಸೆಂ.ಮೀ. ನಿಮ್ಮದು 20! ಅಂದರೆ ಸಣ್ಣ ಹರಿವಿನಲ್ಲಿ ಇದೂ ಚೋಕ್ ಆಗಿ, ಮುಂಚಿನ ಆಳ 0.4ರಿಂದ ಸುಮಾರು 0.5ಕ್ಕೆ ಏರುತ್ತದೆ. ನಾಲೆ ಉಕ್ಕುವುದಿಲ್ಲ, ಆದರೆ ನೀರು ನಿಧಾನವಾಗಿ ಹೂಳು ಕೂರುತ್ತದೆ. ಒಟ್ಟಿನಲ್ಲಿ ನಿಮ್ಮ ನಾಲೆಯಲ್ಲಿ ಆಳದ ಶೇ. 30ರಷ್ಟು ದಿಬ್ಬ ಗಡಿ. ಆಳ ಕಡಿಮೆಯಾದಂತೆ ಗಡಿಯೂ ಕೆಳಗಿಳಿಯುತ್ತದೆ. ಯಾವತ್ತೂ ಪೂರ್ತಿ ಹರಿವಿಗೆ ಒಂದು, ಕನಿಷ್ಠ ಹರಿವಿಗೆ ಒಂದು, ಎರಡು ಲೆಕ್ಕ ಮಾಡಿ.

ಲೆಕ್ಕಕ್ಕೂ ಮಿತಿ ಇದೆ. 36 ಸೆಂ.ಮೀ. ಅನ್ನುವುದು ಘರ್ಷಣೆಯೇ ಇಲ್ಲದ ಆದರ್ಶ ಸಂಖ್ಯೆ. ಮೂಲೆ ಚೂಪಾಗಿರುವ ದಿಬ್ಬದಲ್ಲಿ ನಷ್ಟ ಇರುತ್ತದೆ, ಹಾಗಾಗಿ ಅದಕ್ಕಿಂತ ಮುಂಚೆಯೇ ಚೋಕ್ ಆಗುತ್ತದೆ. ಹಾಗೆಯೇ ಮೂಗಿನ ಹತ್ತಿರ ಗೆರೆ ಬಹುತೇಕ ನೆಟ್ಟಗೆ ನಿಂತಿರುತ್ತದೆ. E ಒಂದೆರಡು ಸೆಂ.ಮೀ. ಬದಲಾದರೂ ಆಳ ತುಂಬಾ ಓಡಾಡುತ್ತದೆ. ಅದಕ್ಕೇ ಕ್ರಿಟಿಕಲ್ ಹತ್ತಿರ ಮೇಲ್ಮೈ ಅಲೆಅಲೆಯಾಗಿ ಕುಣಿಯುತ್ತಿರುತ್ತದೆ, ಸ್ಕೇಲ್ ಹಿಡಿದು ಓದಿದ ಯಾವ ಅಂಕಿಯೂ ನಂಬಿಕೆಗೆ ಬರುವುದಿಲ್ಲ. ಗಡಿಯ ಅಂಚಿಗೆ ವಿನ್ಯಾಸ ಮಾಡಬೇಡಿ.

ನನ್ನ ಸಲಹೆ ಕೇಳಿದರೆ, ಬಂಡೆಯನ್ನು ಸ್ವಲ್ಪವಾದರೂ ಒಡೆದು 20ರಲ್ಲೇ ನಿಲ್ಲಿಸಿ. ಎರಡೂ ಕಡೆ ಇಳಿಜಾರು ಕೊಡಿ, ಮುಂಚೆ 3ಕ್ಕೆ 1, ಆಮೇಲಿನ ಕಡೆ 5ಕ್ಕೆ 1 ಇದ್ದರೆ ಒಳ್ಳೆಯದು. ದಿಬ್ಬದ ಬುಡದಲ್ಲಿ ಒಂದು ಸಣ್ಣ ಪೈಪ್ ಇಟ್ಟು ಬಿಡಿ, ನಾಲೆ ಬಂದ್ ಮಾಡಿದಾಗ ಅದರ ಹಿಂದೆ ನಿಂತ ನೀರು ಹೋಗಲಿ. ನೀರು ಬಿಟ್ಟ ಮೊದಲ ದಿನ ದಿಬ್ಬಕ್ಕಿಂತ 15–20 ಮೀ. ಮುಂಚೆ ಗೋಡೆಯ ಮೇಲೆ ಬಣ್ಣದ ಗುರುತು ಹಾಕಿ ಮಟ್ಟ ಬರೆದಿಟ್ಟುಕೊಳ್ಳಿ. ಪೂರ್ತಿ ಹರಿವಿನಲ್ಲಿ ಅದು ಹಳೆಯ 1.2ರಿಂದ ಒಂದೆರಡು ಬೆರಳಿಗಿಂತ ಜಾಸ್ತಿ ಮೇಲಿದ್ದರೆ, ಮೊದಲು ದಿಬ್ಬದ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಸೈಟಿನಲ್ಲಿ 20 ಅಂದದ್ದು 30 ಆಗಿರುವುದು ಹೊಸದೇನಲ್ಲ.