ಎರಡನೇ ವಾರ ಯಾಕೆ ಸಿಗುವುದಿಲ್ಲ?

*ಮಾನ್ಯರೇ, ಪ್ಯಾನ್ ಇಂಡಿಯಾ ಸಿನಿಮಾಗಳಿಂದ ಕನ್ನಡಕ್ಕೆ ಹೆಸರು ಬಂತು ಅಂತ ಎಲ್ಲರೂ ಬರೀತಾರೆ. ನಮ್ಮೂರಲ್ಲಿ ಇರೋದು ಎರಡೇ ಟಾಕೀಸು. ಚೆನ್ನಾಗಿದೆ ಅಂತ ಕೇಳಿ ಒಂದು ಕನ್ನಡ ಸಿನಿಮಾಕ್ಕೆ ಎರಡನೇ ವಾರ ಹೋದರೆ ಅದನ್ನ ಆಗಲೇ ಎತ್ತಿಬಿಟ್ಟಿದ್ದರು. ಎರಡರಲ್ಲೂ ಒಂದೇ ದೊಡ್ಡ ತೆಲುಗು ಸಿನಿಮಾ, ಅದೂ ಕನ್ನಡಕ್ಕೆ ಡಬ್ ಆದದ್ದಲ್ಲ. ಹೀಗಾದರೆ ಸಣ್ಣ ಸಿನಿಮಾದವರು ಉಳಿಯೋದು ಹೇಗೆ?*
*— ಓದುಗರೊಬ್ಬರು, ತುಮಕೂರು ಜಿಲ್ಲೆ*

ಎರಡನೇ ವಾರ ಸಿಗದಿರುವುದೇ ಸಣ್ಣ ಸಿನಿಮಾಕ್ಕೆ ಬೀಳುವ ದೊಡ್ಡ ಪೆಟ್ಟು. ಕನ್ನಡದವರು ಕನ್ನಡ ಸಿನಿಮಾ ನೋಡುವುದಿಲ್ಲ ಎಂಬ ಮಾತು ಗಾಂಧಿನಗರದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಎಷ್ಟೋ ಸಲ ನೋಡಬೇಕೆಂದು ಮನಸ್ಸು ಮಾಡಿ ಹೊರಡುವ ಹೊತ್ತಿಗೆ ಸಿನಿಮಾವೇ ಇರುವುದಿಲ್ಲ.

ಇದಕ್ಕೆ ಕಾರಣ ಹುಡುಕಲು ಒಂದು ಟಿಕೆಟ್ಟಿನ ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಮಲ್ಟಿಪ್ಲೆಕ್ಸಿನಲ್ಲಿ ನೀವು 200 ರೂಪಾಯಿ ಕೊಟ್ಟಿರಿ ಎನ್ನಿ. ಅದರಲ್ಲಿ ಶೇ. 18 ಜಿಎಸ್‌ಟಿ ಕಳೆದರೆ ಉಳಿಯುವುದು ಸುಮಾರು 169. ಮೊದಲ ವಾರದ ಹಂಚಿಕೆ ಅರ್ಧಕ್ಕರ್ಧ ಎಂದು ಹಿಡಿದರೆ ಸಿನಿಮಾದ ಪಾಲು 85 ರೂಪಾಯಿಯ ಆಸುಪಾಸು. ವಿತರಕರು ಶೇ. 10 ಕಮಿಷನ್ ಹಿಡಿದರೆ ನಿರ್ಮಾಪಕರ ಕೈಸೇರುವುದು 76 ರೂಪಾಯಿ. ಪ್ರಚಾರವೂ ಸೇರಿ ಎರಡು ಕೋಟಿ ಹಾಕಿದವರು ಚಿತ್ರಮಂದಿರದಿಂದಲೇ ಅಸಲು ಎತ್ತಬೇಕಾದರೆ ಎರಡು ಲಕ್ಷದ 63 ಸಾವಿರ ಟಿಕೆಟ್ ಮಾರಬೇಕು.

ಹೊಸಬರ ಚಿತ್ರಕ್ಕೆ 60 ಪರದೆಗಳಲ್ಲಿ ದಿನಕ್ಕೆ ಎರಡೆರಡು ಶೋ ಸಿಕ್ಕಿತು ಎಂದುಕೊಳ್ಳೋಣ. ವಾರಕ್ಕೆ 840 ಶೋ ಆಯಿತು. ಸ್ಟಾರ್ ಇಲ್ಲದ ಚಿತ್ರಕ್ಕೆ ಮೊದಲ ವಾರ ಶೋಗೆ ಸರಾಸರಿ 40 ಜನ ಬಂದರೆ ಪರವಾಗಿಲ್ಲ ಅನ್ನಬಹುದು. ಅದು 33,600 ಟಿಕೆಟ್, ಅಂದರೆ ಸುಮಾರು ಇಪ್ಪತ್ತೈದೂವರೆ ಲಕ್ಷ ರೂಪಾಯಿ. ಹಾಕಿದ ದುಡ್ಡಿನ ಎಂಟನೇ ಒಂದು ಭಾಗ! ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ಕಟ್ಟುವ ಶುಲ್ಕವನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಉಳಿದದ್ದೆಲ್ಲ ಬಾಯಿಮಾತಿನಿಂದ, ಎರಡು, ಮೂರು, ನಾಲ್ಕನೇ ವಾರದಲ್ಲಿ ಬರಬೇಕು. ಅದರಲ್ಲೂ ವಾರ ಕಳೆದಂತೆ ನಿರ್ಮಾಪಕರ ಶೇಕಡಾವಾರು ಪಾಲು ಇಳಿಯುತ್ತಾ ಹೋಗುವುದೇ ಮಲ್ಟಿಪ್ಲೆಕ್ಸುಗಳ ರೂಢಿ. ಮೊದಲ ಮೂರು ದಿನದಲ್ಲೇ ದುಡ್ಡು ಬಾಚುವ ಚಿತ್ರಕ್ಕೆ ಹೆಚ್ಚಿನ ಪಾಲು. ಜನ ನೋಡಿ ಮೆಚ್ಚಿ ಮೇಲೇಳುವ ಚಿತ್ರಕ್ಕೆ, ಅದು ಮೇಲೇಳುವ ಹೊತ್ತಿಗೆ ಕಡಿಮೆ ಪಾಲು. ದೊಡ್ಡ ಚಿತ್ರಗಳಿಗೆ ಹೇಳಿ ಮಾಡಿಸಿದ ಲೆಕ್ಕ ಇದು.

ಇನ್ನು ಶೋಗಳ ಹಂಚಿಕೆ. ಶುಕ್ರವಾರದಿಂದ ಭಾನುವಾರದವರೆಗೆ ಸೀಟು ಎಷ್ಟು ತುಂಬಿತು ಎಂಬ ಅಂಕಿ ಸೋಮವಾರ ಮೇಜಿಗೆ ಬರುತ್ತದೆ. ಅದನ್ನು ನೋಡಿ ಬುಧವಾರ, ಗುರುವಾರದೊಳಗೆ ಮುಂದಿನ ಶುಕ್ರವಾರದ ಪಟ್ಟಿ ಸಿದ್ಧವಾಗುತ್ತದೆ. ಅದೇ ಶುಕ್ರವಾರ ಐದು ಭಾಷೆಯ ಚಿತ್ರವೊಂದು ಬರುವುದಿದ್ದರೆ, ಬೆಂಗಳೂರಿನ ಮಲ್ಟಿಪ್ಲೆಕ್ಸು ತೆಲುಗಿಗೆ, ಹಿಂದಿಗೆ, ತಮಿಳಿಗೆ ಬೇರೆ ಬೇರೆಯಾಗಿ ಶೋ ತೆಗೆದಿಡಬೇಕು. ಸಿನಿಮಾ ಒಂದೇ ಆದರೂ ಪಟ್ಟಿಯಲ್ಲಿ ಅದು ಮೂರು, ನಾಲ್ಕು ಸಿನಿಮಾದ ಜಾಗ ತಿನ್ನುತ್ತದೆ. ಆ ಜಾಗಕ್ಕಾಗಿ ಏಳುವುದು 40 ಜನರ ಶೋಗಳೇ. ಹೇಗೋ ಬೆಳಗಿನ ಹತ್ತೂವರೆಯದೊಂದು ಶೋ ಉಳಿದರೆ ಕೆಲಸಕ್ಕೆ ಹೋಗುವವರು ಯಾರು ಬರುತ್ತಾರೆ? ಬಾರದಿದ್ದರೆ ಮುಂದಿನ ವಾರ ಅದೂ ಇಲ್ಲ.

ನಿಮ್ಮ ಊರಿನಂಥ ಕಡೆ ಸ್ಥಿತಿ ಇನ್ನೂ ಬಿಗಿ. ಏಕಪರದೆ ಚಿತ್ರಮಂದಿರದಲ್ಲಿ ಇರುವುದೇ ದಿನಕ್ಕೆ ನಾಲ್ಕು ಆಟ. ದೊಡ್ಡ ಚಿತ್ರದ ಕರ್ನಾಟಕದ ಹಕ್ಕನ್ನು ಭಾರೀ ಮೊತ್ತದ ಮಿನಿಮಮ್ ಗ್ಯಾರಂಟಿ ಕೊಟ್ಟು ತಂದ ವಿತರಕರಿಗೆ ಮೊದಲ ನಾಲ್ಕು ದಿನದಲ್ಲಿ ಅಸಲು ಬರಬೇಕು. ಹಾಗಾಗಿ ಅವರು ಕೇಳುವುದು ನಾಲ್ಕೂ ಆಟ. ವಾರದ ಬಾಡಿಗೆ ಖಾತ್ರಿಯಾದರೆ ಮಾಲೀಕರು ಬೇಡ ಎನ್ನುವುದು ಕಷ್ಟ. ಸಿಬ್ಬಂದಿಯ ಸಂಬಳ, ಕರೆಂಟ್ ಬಿಲ್ ಯಾರಿಗೂ ಕಾಯುವುದಿಲ್ಲ. ಅವರನ್ನು ಕನ್ನಡದ್ರೋಹಿ ಎಂದು ಬೈದು ಪ್ರಯೋಜನವಿಲ್ಲ. ಹಿಂದೆ ಇಂಥ ಟಾಕೀಸುಗಳನ್ನು ಸಾಕುತ್ತಿದ್ದದ್ದು ನಮ್ಮ ನಾಯಕರ ಚಿತ್ರಗಳು. ಈಗ ಆ ನಾಯಕರೇ ದೊಡ್ಡ ಬಜೆಟ್ಟಿನ ಹಾದಿ ಹಿಡಿದು ವರ್ಷಗಟ್ಟಲೆ ತೆರೆಗೆ ಬರುವುದಿಲ್ಲ. 2022ರ ಏಪ್ರಿಲ್ 14ಕ್ಕೆ ಕೆಜಿಎಫ್ ಎರಡನೇ ಭಾಗ ಬಂದ ಮೇಲೆ 2025 ಮುಗಿದರೂ ಯಶ್ ಅವರ ಹೊಸ ಚಿತ್ರ ಬರಲಿಲ್ಲ. ನಡುವಿನ ಖಾಲಿ ವಾರಗಳಿಗೆ ಮಾಲೀಕರು ಪರಭಾಷೆಯ ಚಿತ್ರ ಹಾಕದೆ ಏನು ಮಾಡಬೇಕು?

ಡಬ್ಬಿಂಗ್ ವಿಚಾರಕ್ಕೆ ಬಂದರೆ, ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ಕನ್ನಡಕ್ಕೆ ಡಬ್ ಮಾಡಲು ಅಡ್ಡಿಯಿಲ್ಲ. ಆದರೂ 2022ರ ಮಾರ್ಚಿನಲ್ಲಿ ಆರ್‌ಆರ್‌ಆರ್ ಬಂದಾಗ ಕನ್ನಡ ಅವತರಣಿಕೆಗೆ ಶೋಗಳೇ ಇಲ್ಲವೆಂದು ಗಲಾಟೆಯಾಯಿತು. ಡಬ್ ಆದ ಪ್ರತಿ ಭಾಷೆಗೂ ಸೆನ್ಸಾರ್ ಒಪ್ಪಿಗೆ ಬೇಕು. ಅದು ತಡವಾದರೆ ಅಡ್ವಾನ್ಸ್ ಬುಕಿಂಗ್ ಮೂಲ ಭಾಷೆಯಲ್ಲಿ ಮೊದಲು ತೆರೆದುಕೊಂಡು, ಆತುರದವರೆಲ್ಲ ಅದನ್ನೇ ಕೊಳ್ಳುತ್ತಾರೆ. ಆಮೇಲೆ 'ಕನ್ನಡಕ್ಕೆ ಬೇಡಿಕೆ ಇಲ್ಲ' ಎಂದು ಅದೇ ಅಂಕಿ ತೋರಿಸುತ್ತಾರೆ.

ಸಣ್ಣವರು ಉಳಿಯುವ ದಾರಿಗೆ ಒಂದು ಉದಾಹರಣೆ ಕಾಂತಾರ. 2022ರ ಸೆಪ್ಟೆಂಬರ್ 30ರಂದು ಅದು ಬಂದದ್ದು ಕನ್ನಡದಲ್ಲಿ ಮಾತ್ರ. ಅದೇ ದಿನ ಎದುರಿಗೆ ಮಣಿರತ್ನಂ ಅವರ ಬಹುಭಾಷಾ ಚಿತ್ರ ಪೊನ್ನಿಯಿನ್ ಸೆಲ್ವನ್. ಕನ್ನಡದಲ್ಲಿ ಹೆಸರಾದ ಮೇಲೆ, ಎರಡು ವಾರ ಬಿಟ್ಟು ಅಕ್ಟೋಬರ್ 14ಕ್ಕೆ ಹಿಂದಿ, ಅದರ ಬೆನ್ನಿಗೇ ಉಳಿದ ಭಾಷೆಗಳು. ಒಟಿಟಿಯಲ್ಲೂ ಇದೇ ಅಂತರ ಇಟ್ಟರು: ಕನ್ನಡ ನವೆಂಬರ್ 24ಕ್ಕೆ, ಹಿಂದಿ ಡಿಸೆಂಬರ್ 9ಕ್ಕೆ. ಚಿತ್ರಮಂದಿರಕ್ಕೂ ಒಟಿಟಿಗೂ ನಡುವೆ ಹಿಂದಿಗೆ ಸರಿಯಾಗಿ ಎಂಟು ವಾರ. ದೇಶದ ದೊಡ್ಡ ಮಲ್ಟಿಪ್ಲೆಕ್ಸ್ ಸರಪಳಿಗಳು ಹಿಂದಿ ಅವತರಣಿಕೆಗೆ ಎಂಟು ವಾರದ ಅಂತರ ಕೇಳುತ್ತವೆ. ದಕ್ಷಿಣದ ಭಾಷೆಗಳಿಗೆ ನಾಲ್ಕು ವಾರ ನಡೆಯುತ್ತದೆ. ನಾಲ್ಕೇ ವಾರಕ್ಕೆ ಒಟಿಟಿ ಒಪ್ಪಂದ ಮಾಡಿಕೊಂಡು, ಆಮೇಲೆ ಹಿಂದಿಯಲ್ಲೂ ಬಿಡುತ್ತೇವೆ ಎಂದು ಹೊರಟವರಿಗೆ ಆ ಪರದೆಗಳು ಸಿಗುವುದಿಲ್ಲ. 2023ರಲ್ಲಿ ತಮಿಳಿನ ಲಿಯೊದ ಹಿಂದಿ ಅವತರಣಿಕೆಗೆ ಆದದ್ದು ಇದೇ.

ಮೊದಲ ದಿನವೇ ಐದು ಭಾಷೆ ಎಂದು ಹೊರಡುವ ಸಣ್ಣ ನಿರ್ಮಾಪಕರು ಎಡವುವುದೂ ಇಲ್ಲಿಯೇ. ಡಬ್ಬಿಂಗ್ ಖರ್ಚು ಹೇಗೋ ಹೊಂದಿಸಬಹುದು, ಆದರೆ ಗೊತ್ತಿಲ್ಲದ ಮುಖವನ್ನು ಹೈದರಾಬಾದ್, ಚೆನ್ನೈಗಳಲ್ಲಿ ಪರಿಚಯಿಸುವ ಪ್ರಚಾರಕ್ಕೆ ಕೊನೆಯಿಲ್ಲ. 2025ರ ಜುಲೈ 25ಕ್ಕೆ ಬಂದ ಸು ಫ್ರಮ್ ಸೋ ಮೊದಲು ಕನ್ನಡದಲ್ಲಿ ಗೆದ್ದು, ಆಮೇಲೆ ಮಲಯಾಳಂ, ತೆಲುಗಿಗೆ ಹೋಯಿತು. ಆಗಸ್ಟ್ 14ಕ್ಕೆ ಕೂಲಿ, ವಾರ್ 2 ಬರುವುದರೊಳಗೆ ಅದಕ್ಕೆ ಸಿಕ್ಕಿದ್ದು ಸುಮಾರು ಮೂರು ವಾರ. ಬಿಡುಗಡೆಯ ದಿನ ಗೊತ್ತುಮಾಡುವಾಗ ಇಷ್ಟಾದರೂ ಬಿಡುವು ಇದೆಯೇ ಎಂದು ಎಣಿಸಬೇಕು. ಎದುರಿನ ದೊಡ್ಡ ಚಿತ್ರ ಕನ್ನಡದ್ದೇ ಆದರೂ ಈ ಎಣಿಕೆ ಬದಲಾಗುವುದಿಲ್ಲ. ನಾಲ್ಕೂ ಆಟ ಹಿಡಿದವರ ಭಾಷೆ ಯಾವುದಾದರೇನು?

ಸರ್ಕಾರ 2025ರ ಸೆಪ್ಟೆಂಬರ್ 12ರಂದು ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮಿತಿ ಉಳಿದರೂ ದರ ಇಳಿಯುತ್ತದೆಯೇ ಹೊರತು ಶೋಗಳ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಸಂಜೆಯ ಒಂದು ಆಟವನ್ನು ಎರಡು ವಾರ ಕದಲಿಸಬಾರದು ಎಂಬ ಷರತ್ತು ಸಿಕ್ಕಿದ್ದರೆ ಮೇಲಿನ ಎರಡು ಕೋಟಿಯವರಿಗೆ ಹೆಚ್ಚು ಉಪಯೋಗವಾಗುತ್ತಿತ್ತು ಎಂಬುದು ನಮ್ಮ ಎಣಿಕೆ.

ನೀವು ಮಾಡಬಹುದಾದ್ದು ಎರಡಿದೆ. ನೋಡಬೇಕೆನಿಸಿದ ಸಣ್ಣ ಚಿತ್ರಕ್ಕೆ ಮೊದಲ ಭಾನುವಾರದೊಳಗೆ ಹೋಗಿ. ಸೋಮವಾರದ ಪಟ್ಟಿಗೆ ಲೆಕ್ಕವಾಗುವುದು ಆ ಟಿಕೆಟ್ಟುಗಳೇ. ಎರಡನೇ ವಾರಕ್ಕೇ ಹೋಗುವುದಾದರೆ ಗುರುವಾರ ಸಂಜೆ ಟಾಕೀಸಿಗೆ ಒಂದು ಫೋನ್ ಮಾಡಿ. ಬುಕಿಂಗ್ ಆ್ಯಪ್‌ನಲ್ಲಿ ಶುಕ್ರವಾರದ ಶೋ ತೆರೆದಿಲ್ಲ ಎಂದರೆ ಎತ್ತಿದ್ದಾರೆ ಎಂದೇ ಅರ್ಥವಲ್ಲ, ಏಕಪರದೆಯವರು ಎಷ್ಟೋ ಸಲ ಕೊನೇ ಗಳಿಗೆಯಲ್ಲಿ ನಿರ್ಧರಿಸುತ್ತಾರೆ. ಯಾರಾದರೂ ಕೇಳುತ್ತಿದ್ದಾರೆಯೇ ಎಂಬುದನ್ನೂ ಮ್ಯಾನೇಜರ್ ಆಗ ನೋಡುತ್ತಿರುತ್ತಾರೆ.

— ಸಂ.