ಅರ್ಧ ಕೂಡಬೇಕೋ, ಕಳೆಯಬೇಕೋ? ದ್ವಿಪದ ಲೆಕ್ಕಕ್ಕೆ ನಾರ್ಮಲ್ ವಕ್ರರೇಖೆ

ಪ್ರಶ್ನೆ: ನಾಣ್ಯವನ್ನು 20 ಸಲ ಚಿಮ್ಮಿದಾಗ 14 ಅಥವಾ ಅದಕ್ಕಿಂತ ಹೆಚ್ಚು ಹೆಡ್ ಬೀಳುವ ಸಂಭವನೀಯತೆಯನ್ನು ನಾರ್ಮಲ್ ವಕ್ರರೇಖೆಯಿಂದ ಲೆಕ್ಕ ಹಾಕಿದರೆ ನನಗೆ 0.0368 ಬರುತ್ತದೆ, ಪುಸ್ತಕದಲ್ಲಿ 0.0588 ಇದೆ. 0.5 ತಿದ್ದುಪಡಿ ಮಾಡಬೇಕಂತೆ. ಅದನ್ನು ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು ಅನ್ನೋದು ಪ್ರತಿ ಸಲ ಗೊಂದಲ. np ಐದಕ್ಕಿಂತ ಹೆಚ್ಚಿದ್ದರೆ ಈ ವಿಧಾನವನ್ನು ಕಣ್ಣುಮುಚ್ಚಿ ಬಳಸಬಹುದೇ?

ಉತ್ತರ: ಕೂಡುವುದು, ಕಳೆಯುವುದು ಎಂಬ ನಿಯಮವನ್ನು ಬಾಯಿಪಾಠ ಮಾಡಲು ಹೋಗಬೇಡಿ, ತಲೆಕೆಳಗಾಗುವುದು ಅಲ್ಲೇ. ಹಾಳೆಯ ಮೇಲೆ ಕಂಬಗಳನ್ನು ಎಳೆಯಿರಿ. ದ್ವಿಪದ ವಿತರಣೆಯಲ್ಲಿ 13, 14, 15 ಎಂಬ ಪೂರ್ಣಾಂಕಗಳಿಗಷ್ಟೇ ಸಂಭವನೀಯತೆ ಇದೆ. ಪ್ರತಿ ಅಂಕಿಯ ಮೇಲೂ ಒಂದು ಮಾನ ಅಗಲದ ಕಂಬ ನಿಲ್ಲಿಸಿದರೆ 14ರ ಕಂಬ 13.5ರಲ್ಲಿ ಶುರುವಾಗಿ 14.5ರಲ್ಲಿ ಮುಗಿಯುತ್ತದೆ. ವಕ್ರರೇಖೆ ಈ ಕಂಬಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ, ನಾವು ಅಳೆಯುವುದು ಅದರ ಕೆಳಗಿನ ವಿಸ್ತೀರ್ಣವನ್ನು.

ನಿಮಗೆ ಬೇಕಾದದ್ದು 14 ಮತ್ತು ಅದಕ್ಕಿಂತ ಹೆಚ್ಚು. ಅಂದರೆ 14ರ ಕಂಬ ಇಡಿಯಾಗಿ ಒಳಗೆ ಬರಬೇಕು, ಹಾಗಾಗಿ ಗೆರೆ ಎಳೆಯಬೇಕಾದದ್ದು 13.5ರಲ್ಲಿ. ಇಲ್ಲಿ ಸರಾಸರಿ np = 10. ಮಾನಕ ವಿಚಲನೆ √(20 × 0.5 × 0.5) = √5, ಸುಮಾರು 2.236. ಆಗ

z = (13.5 − 10) / 2.236 = 1.565

ಇದರ ಬಲಕ್ಕೆ ಉಳಿಯುವ ವಿಸ್ತೀರ್ಣ 0.0588. ವಕ್ರರೇಖೆಯನ್ನೇ ಬಿಟ್ಟು 14ರಿಂದ 20ರವರೆಗಿನ ಸಂಯೋಜನೆಗಳನ್ನು ಕೂಡಿದರೆ 60460 ಸಿಗುತ್ತದೆ. ಅದನ್ನು 2²⁰, ಅಂದರೆ 1048576ರಿಂದ ಭಾಗಿಸಿದರೆ ನಿಖರ ಉತ್ತರ 0.0577. ಪುಸ್ತಕದ ಉತ್ತರ ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ. ನೀವು ಗೆರೆ ಎಳೆದದ್ದು 14ರಲ್ಲಿ. ಆ ಗೆರೆ ಕಂಬವನ್ನು ನಡುವೆ ಸೀಳಿ ಎಡ ಅರ್ಧವನ್ನು ಹೊರಗೆ ಹಾಕಿತು, 0.0220 ಕಳೆದುಹೋಯಿತು. ಇನ್ನು 'ಹೆಚ್ಚು ಅಂದರೆ ಕೂಡಬೇಕು' ಎಂದುಕೊಂಡು 14.5 ತೆಗೆದುಕೊಂಡಿದ್ದರೆ ಬರುತ್ತಿದ್ದದ್ದು 0.0221. ಅದು ಬೇರೆಯದೇ ಪ್ರಶ್ನೆಯ ಉತ್ತರ: '14ಕ್ಕಿಂತ ಹೆಚ್ಚು', ಅಂದರೆ 15 ಮತ್ತು ಮೇಲೆ. ಆ ಪ್ರಶ್ನೆಯ ನಿಖರ ಉತ್ತರ 0.0207. ಪ್ರಶ್ನೆಪತ್ರಿಕೆಯಲ್ಲಿ '14 ಅಥವಾ ಹೆಚ್ಚು', '14ಕ್ಕಿಂತ ಹೆಚ್ಚು' ಇವೆರಡರ ನಡುವೆ ಇರುವುದು ಒಂದು ಇಡೀ ಕಂಬ. ಮೊದಲು 'ಯಾವ ಕಂಬದಿಂದ ಎಣಿಕೆ ಶುರು?' ಎಂದು ಕೇಳಿಕೊಂಡು, ಆ ಕಂಬದ ಹೊರ ಅಂಚಿನಲ್ಲಿ ಗೆರೆ ಎಳೆಯಿರಿ. ಕೂಡುವುದೋ ಕಳೆಯುವುದೋ ತಾನಾಗಿ ಗೊತ್ತಾಗುತ್ತದೆ. ಸರಿಯಾಗಿ 14 ಹೆಡ್ ಬೇಕಿದ್ದರೂ ಇದೇ ಚಿತ್ರ ಸಾಕು: 13.5ರಿಂದ 14.5ರವರೆಗಿನ ವಿಸ್ತೀರ್ಣ 0.0367, ನಿಖರ ಬೆಲೆ 0.0370.

n ತುಂಬಾ ದೊಡ್ಡದಾದರೆ ಈ ಅರ್ಧಕ್ಕೆ ಬೆಲೆ ಇರುವುದಿಲ್ಲ. 10000 ಸಲ ಚಿಮ್ಮಿದರೆ ಮಾನಕ ವಿಚಲನೆ 50. ಅರ್ಧ ಮಾನದ ತಿದ್ದುಪಡಿಯಿಂದ z ಬದಲಾಗುವುದು ಕೇವಲ 0.01.

ಇನ್ನು ಎರಡನೆಯ ಮಾತು, ಕಣ್ಣುಮುಚ್ಚಿ ಬಳಸುವುದು. ಬೇಡ. ನಿಮ್ಮ ನಾಣ್ಯದ ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದದ್ದು p ಸರಿಯಾಗಿ 0.5 ಇದ್ದುದರಿಂದ, ಕಂಬಗಳು ಎಡಬಲ ಸಮನಾಗಿ ಇಳಿಯುತ್ತವೆ, ವಕ್ರರೇಖೆಯೂ ಹಾಗೆಯೇ. p ಚಿಕ್ಕದಾದರೆ ಕಂಬಗಳು ಸೊನ್ನೆಯ ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ, ಬಾಲ ಬಲಕ್ಕೆ ಉದ್ದವಾಗುತ್ತದೆ. ಅರ್ಧ ಮಾನದ ತಿದ್ದುಪಡಿ ಕಂಬದ ಅಗಲವನ್ನು ಸರಿದೂಗಿಸುತ್ತದೆಯೇ ಹೊರತು ಈ ವಾಲಿಕೆಯನ್ನಲ್ಲ.

ಒಂದು ಲೆಕ್ಕ ಮಾಡಿಯೇ ನೋಡೋಣ. ಒಂದು ಬಿಡಿಭಾಗದಲ್ಲಿ ದೋಷವಿರುವ ಸಂಭವನೀಯತೆ 0.02. ನೂರು ಬಿಡಿಭಾಗಗಳಲ್ಲಿ 6 ಅಥವಾ ಹೆಚ್ಚು ದೋಷದವು ಸಿಗುವ ಸಂಭವನೀಯತೆ ಎಷ್ಟು? ಸರಾಸರಿ 2. ಮಾನಕ ವಿಚಲನೆ √1.96 = 1.4. ಗೆರೆ 5.5ರಲ್ಲಿ, ಹಾಗಾಗಿ z = 3.5 / 1.4 = 2.5. ಕೋಷ್ಟಕ ಕೊಡುವುದು 0.0062. ನಿಖರ ಉತ್ತರ 0.0155, ಅಂದರೆ ಎರಡೂವರೆ ಪಟ್ಟು. ತಿದ್ದುಪಡಿ ಇಲ್ಲದಿದ್ದರೆ 0.0021 ಬರುತ್ತಿತ್ತು, ಆ ಮಟ್ಟಿಗೆ ಅದು ತನ್ನ ಕೆಲಸ ಮಾಡಿದೆ. ಆದರೂ ಉತ್ತರ ಕೆಲಸಕ್ಕೆ ಬಾರದು.

ಇದೇ ಉದಾಹರಣೆಯ ಎಡ ತುದಿ ಇನ್ನೂ ಮೋಸದ್ದು. ಒಂದೂ ದೋಷವಿಲ್ಲದಿರುವ ಸಂಭವನೀಯತೆ 0.98¹⁰⁰ = 0.1326. ವಕ್ರರೇಖೆಯಲ್ಲಿ 0.5ರ ಎಡಕ್ಕಿರುವ ವಿಸ್ತೀರ್ಣ 0.1420. ಪರವಾಗಿಲ್ಲ, ಹತ್ತಿರವೇ ಇದೆ ಅನ್ನಿಸುತ್ತದೆ. ಆದರೆ ಅದರಲ್ಲಿ 0.0371 ಭಾಗ ಕೂತಿರುವುದು −0.5ರ ಎಡಕ್ಕೆ, ಅಂದರೆ 'ಮೈನಸ್ ಒಂದು ದೋಷ', 'ಮೈನಸ್ ಎರಡು ದೋಷ' ಎಂಬ ಅಸಾಧ್ಯ ಜಾಗದಲ್ಲಿ. ಸೊನ್ನೆಯ ಕಂಬದ ಪಾಲಿಗೆ ಉಳಿಯುವುದು 0.105 ಮಾತ್ರ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರದ ವೇಷ ಹಾಕಿವೆ.

ಇದನ್ನು ಮೊದಲೇ ಪತ್ತೆ ಹಚ್ಚಲು ನಾನು ನಂಬುವ ಪರೀಕ್ಷೆ ಒಂದೇ. ಸರಾಸರಿಯಿಂದ ಎರಡೂ ಕಡೆಗೆ ಮೂರು ಮಾನಕ ವಿಚಲನೆ ಅಳೆದು ನೋಡಿ. ಎರಡು ತುದಿಯೂ 0 ಮತ್ತು nಗಳ ಒಳಗೇ ಇರಬೇಕು. ಮೇಲಿನ ಲೆಕ್ಕದಲ್ಲಿ 2 − 4.2 ಋಣಾತ್ಮಕ, ಅಲ್ಲಿಗೆ ಮುಗಿಯಿತು. ನೀವು ಹೇಳಿದ 'np ಐದು' ನಿಯಮ ಇದಕ್ಕಿಂತ ಸಡಿಲ (ಅದರಲ್ಲೂ n(1−p) ಕೂಡ ಐದು ಇರಬೇಕು, ಇದನ್ನು ಅನೇಕರು ಮರೆಯುತ್ತಾರೆ). p = 0.02 ಇದ್ದಾಗ n = 250 ಆದರೆ np ಐದಾಗುತ್ತದೆ, ನಿಯಮ ಒಪ್ಪುತ್ತದೆ. ಆದರೆ ಮಾನಕ ವಿಚಲನೆ 2.21, 5 − 6.64 ಇನ್ನೂ ಸೊನ್ನೆಗಿಂತ ಕೆಳಗೇ ಇದೆ. n = 500ಕ್ಕೆ ಹೋದಾಗ 10 − 9.39 = 0.61, ಅಂತೂ ಒಳಗೆ ಬಂತು. ಕೆಲವು ಪುಸ್ತಕಗಳು ಐದರ ಬದಲು ಹತ್ತು ಕೇಳುವುದು ಇದಕ್ಕೇ ಇರಬೇಕು ಅನ್ನಿಸುವಷ್ಟು ಹೊಂದಿಕೆಯಾಗುತ್ತದೆ.

p ಚಿಕ್ಕದಿದ್ದು n ದೊಡ್ಡದಿದ್ದರೆ ಪಾಯ್ಸಾನ್ ವಿತರಣೆಗೆ ಹೋಗಿ. λ = 2 ಇಟ್ಟರೆ ಅದೇ '6 ಅಥವಾ ಹೆಚ್ಚು' ಪ್ರಶ್ನೆಗೆ 0.0166 ಬರುತ್ತದೆ, ನಿಖರ 0.0155ಕ್ಕೆ ಎಷ್ಟೋ ಹತ್ತಿರ. p ಒಂದರ ಸಮೀಪವಿದ್ದರೆ ಗೆಲುವಿನ ಬದಲು ಸೋಲನ್ನು ಎಣಿಸಿ, ಅದೇ ದಾರಿ ತೆರೆಯುತ್ತದೆ.

ಇಷ್ಟೆಲ್ಲ ಪರೀಕ್ಷೆ ದಾಟಿದರೂ ಬಾಲದ ಕೊನೆಯಲ್ಲಿ ವಕ್ರರೇಖೆಯನ್ನು ನಂಬುವಂತಿಲ್ಲ. ನಾಣ್ಯವನ್ನು 100 ಸಲ ಚಿಮ್ಮಿ 80 ಅಥವಾ ಹೆಚ್ಚು ಹೆಡ್ ಕೇಳಿ. np = 50, ವಾಲಿಕೆ ಲವಲೇಶವೂ ಇಲ್ಲ. z = (79.5 − 50) / 5 = 5.9, ವಿಸ್ತೀರ್ಣ ಸುಮಾರು 1.8 × 10⁻⁹. ನಿಖರ ಉತ್ತರ 5.6 × 10⁻¹⁰. ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಎರಡೂ ಅಂಕಿ ತೀರಾ ಸಣ್ಣವು, ಹಾಗಾಗಿ ಅವುಗಳ ಅಂತರ ನೋಡಿದರೆ ಏನೂ ಕಾಣುವುದಿಲ್ಲ. ಅನುಪಾತ ನೋಡಿದರೆ ಮಾತ್ರ ತಪ್ಪು ಕಾಣುತ್ತದೆ. ಅಪರೂಪದ ಅವಘಡದ ಸಂಭವನೀಯತೆ ಲೆಕ್ಕ ಹಾಕುವವರಿಗೆ ಬೇಕಾದದ್ದು ಆ ಅನುಪಾತವೇ.

ಪರೀಕ್ಷೆಗೆ ಕೈಲೆಕ್ಕ ಬೇಕೇ ಬೇಕು. ಮುಂದೆ ಕಂಪ್ಯೂಟರ್ ಇದ್ದಾಗ ಮಾತ್ರ ನಿಖರ ಬೆಲೆಯನ್ನೇ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ನಿಮ್ಮ ಮೊದಲ ಲೆಕ್ಕ ಹೀಗೆ:

```
=1-BINOM.DIST(13,20,0.5,TRUE)
```

ಅಲ್ಲಿ ಬರೆದಿರುವುದು 13, 14 ಅಲ್ಲ. `BINOM.DIST` ಕೊಡುವುದು 13ರವರೆಗಿನ ಒಟ್ಟು ಮೊತ್ತ. ಅದನ್ನು ಒಂದರಿಂದ ಕಳೆದರೆ 14ರಿಂದ ಮೇಲಿನದು ಉಳಿಯುತ್ತದೆ. 14 ಎಂದು ಬರೆದರೆ ಬರುವುದು 0.0207, ಮತ್ತೆ ಅದೇ ಒಂದು ಕಂಬದ ತಪ್ಪು.